ಎಂಟು ದಿನ ಆಯ್ತು, ಸರ್ ಉತ್ತರ ಕೊಟ್ಟಿಲ್ಲ. ಮತ್ತೆ ಮೇಲ್ ಹಾಕಬಹುದಾ?

ಪ್ರಶ್ನೆ: ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದಿ ಈಗ ಬೆಂಗಳೂರಲ್ಲಿ ಕೆಲಸದಲ್ಲಿದ್ದೇನೆ. ಎಂ.ಎಸ್.ಗೆ ಅಮೆರಿಕದ ಮೂರು ಯೂನಿವರ್ಸಿಟಿಗೆ ಅರ್ಜಿ ಹಾಕ್ತಿದ್ದೀನಿ. ಕೊನೆ ದಿನ ಡಿಸೆಂಬರ್ 15. ಪ್ರಾಜೆಕ್ಟ್ ಗೈಡ್ ಆಗಿದ್ದ ಸರ್‌ಗೆ ಶಿಫಾರಸು ಪತ್ರ ಕೇಳಿ ನವೆಂಬರ್ 12ಕ್ಕೆ ಮೇಲ್ ಕಳಿಸಿದೆ. ಇವತ್ತು 20. ಏನೂ ಉತ್ತರ ಇಲ್ಲ. ಮತ್ತೆ ಬರೆದರೆ ಬೇಜಾರು ಮಾಡ್ಕೊಳ್ತಾರಾ? ಬರೆಯೋದಾದರೆ ಹೇಗೆ ಬರೀಲಿ?

ಉತ್ತರ: ಇವತ್ತೇ ಬರೆಯಿರಿ. ಒಂದು ವಾರ ಕಾದಿದ್ದೀರಿ, ಅಷ್ಟು ಸಾಕು. ಕೊನೆ ದಿನಕ್ಕೆ ಇನ್ನು 25 ದಿನ ಇದೆ. ಸರ್ ಒಪ್ಪಿದರೆ ಬರೆಯಲು ಸಮಯ ಇದೆ. ಒಪ್ಪದಿದ್ದರೆ ಬೇರೆಯವರನ್ನು ಕೇಳಲೂ ಸಮಯ ಇದೆ. ಇನ್ನೊಂದು ವಾರ ಸುಮ್ನೆ ಕೂತರೆ ಈ ಎರಡನೇ ದಾರಿ ಮುಚ್ಚಿಹೋಗುತ್ತದೆ.

ನಾನೂ ಮೇಷ್ಟ್ರೇ. ನಿಮ್ಮಂಥ ಮೇಲ್‌ಗಳು ಪ್ರತಿ ವರ್ಷ ಅಕ್ಟೋಬರ್‌ನಿಂದ ಬರುತ್ತವೆ. ನಮ್ಮ ಕಡೆ ಏನಾಗುತ್ತದೆ ಅಂತ ಹೇಳುತ್ತೇನೆ. ಎರಡು ಕ್ಲಾಸಿನ ನಡುವೆ ಕಾರಿಡಾರ್‌ನಲ್ಲಿ ನಡೆಯುತ್ತಾ ಫೋನಿನಲ್ಲಿ ಮೇಲ್ ತೆರೆಯುತ್ತೇವೆ. 'ಒಳ್ಳೆ ಹುಡುಗ, ರಾತ್ರಿ ಕೂತು ಬರೆಯೋಣ' ಅಂದುಕೊಳ್ಳುತ್ತೇವೆ. ತೆರೆದ ಮೇಲೆ ಅದು ಓದಿದ ಮೇಲ್ ಆಗಿಬಿಡುತ್ತದೆ, ದಪ್ಪ ಅಕ್ಷರ ಹೋಗಿರುತ್ತದೆ. ರಾತ್ರಿ ಹೊತ್ತಿಗೆ ಅದರ ಮೇಲೆ ಮೂವತ್ತು ಮೇಲ್ ಬಂದು ಕೂತಿರುತ್ತವೆ. ಸೆಮಿಸ್ಟರ್ ಕೊನೆ, ಇಂಟರ್ನಲ್ಸ್, ಲ್ಯಾಬ್ ಪರೀಕ್ಷೆ ಎಲ್ಲ ಇದೇ ಹೊತ್ತಲ್ಲಿ.

ಇನ್ನೊಂದು ಕಾರಣ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಶಿಫಾರಸು ಪತ್ರ ಅಂದರೆ 'ಆಯ್ತು' ಅಂತ ಒಂದು ಸಾಲು ಬರೆದು ಮುಗಿಸುವ ಕೆಲಸ ಅಲ್ಲ. ಈ ಹುಡುಗ ಯಾವ ಬ್ಯಾಚು, ಯಾವ ಪ್ರಾಜೆಕ್ಟು, ನಾಲ್ಕು ಜನರ ತಂಡದಲ್ಲಿ ಇವನು ಮಾಡಿದ್ದು ಏನು ಅಂತ ನೆನಪು ಮಾಡಿಕೊಳ್ಳಬೇಕು. ನೆನಪಾಗದಿದ್ದರೆ ಮುಂದಕ್ಕೆ ಹಾಕುತ್ತೇವೆ. ಹಾಗಾಗಿ ನಿಮ್ಮ ಎರಡನೇ ಮೇಲ್ ಆ ನೆನಪಿನ ಕೆಲಸವನ್ನು ಹಗುರ ಮಾಡಬೇಕು. ಬರೀ 'ಸರ್, ನೋಡಿದ್ರಾ?' ಅಂತ ಕೇಳಿದರೆ ಇದ್ದ ಭಾರ ಹಾಗೇ ಇರುತ್ತದೆ.

ಬರೆಯುವ ಮುಂಚೆ ಎರಡು ವಿಷಯ ನೋಡಿಕೊಳ್ಳಿ. ಮೊದಲ ಮೇಲ್ ಯಾವ ವಿಳಾಸಕ್ಕೆ ಹೋಗಿದೆ? ಕಾಲೇಜಿನ ಐಡಿ ಆಗಿದ್ದರೆ, ಸರ್ ಈಗಲೂ ಅದೇ ಕಾಲೇಜಿನಲ್ಲಿದ್ದಾರಾ ಅಂತ ಜೂನಿಯರ್ ಒಬ್ಬರನ್ನು ಕೇಳಿ. ಎರಡನೆಯದು, ಯೂನಿವರ್ಸಿಟಿಯ ಅರ್ಜಿಯಲ್ಲಿ ಅವರ ಹೆಸರು, ಇಮೇಲ್ ಆಗಲೇ ತುಂಬಿಸಿಬಿಟ್ಟಿದ್ದೀರಾ? ತುಂಬಿಸಿದ್ದರೆ ಪತ್ರ ಅಪ್‌ಲೋಡ್ ಮಾಡುವ ಲಿಂಕ್ ಯೂನಿವರ್ಸಿಟಿಯಿಂದ ತಾನಾಗಿ ಅವರಿಗೆ ಹೋಗಿರಬಹುದು. ಅದು ಸ್ಪ್ಯಾಮ್‌ಗೆ ಬೀಳುವುದು ಜಾಸ್ತಿ. ಸ್ಪ್ಯಾಮ್‌ಗೆ ಬೀಳದೆ ಕಣ್ಣಿಗೆ ಬಿದ್ದರೂ ಕಷ್ಟವೇ, ಯಾಕೆಂದರೆ 'ನಾನು ಒಪ್ಪುವ ಮುಂಚೆಯೇ ಹೆಸರು ಹಾಕಿದ್ದಾನೆ' ಅಂತ ಅನ್ನಿಸುತ್ತದೆ. ನನಗೂ ಅನ್ನಿಸಿದೆ. ಹಾಗೆ ಆಗಿದ್ದರೆ ಒಂದು ಸಾಲಲ್ಲಿ ಕ್ಷಮೆ ಕೇಳಿ. ಹೆಚ್ಚಿನ ಅರ್ಜಿ ಪೋರ್ಟಲ್‌ಗಳಲ್ಲಿ ನೆನಪೋಲೆ ಕಳಿಸುವ ಬಟನ್ ಒಂದಿರುತ್ತದೆ. ಅವರು ಒಪ್ಪುವವರೆಗೆ ಅದನ್ನು ಮುಟ್ಟಬೇಡಿ.

ಈಗ ಮೇಲ್. ಹೊಸದಾಗಿ ಬರೆಯಬೇಡಿ. ನೀವು ಕಳಿಸಿದ ಹಳೇ ಮೇಲ್ ತೆರೆದು ಅದಕ್ಕೇ ರಿಪ್ಲೈ ಕೊಡಿ. ವಿಷಯದ ಸಾಲು ಬದಲಿಸಬೇಡಿ. ಬದಲಿಸಿದರೆ ಜಿಮೇಲ್‌ನಲ್ಲಿ ಅದು ಬೇರೆ ಮೇಲ್ ಆಗಿ ನಿಲ್ಲುತ್ತದೆ, ಹಳೆಯದು ಕೆಳಗೆ ಕಾಣುವುದಿಲ್ಲ. ಇಲ್ಲಿ ತುಂಬ ಜನ ಒಂದು ತಪ್ಪು ಮಾಡುತ್ತಾರೆ. ರಿಪ್ಲೈ ಮಾಡಿದಾಗ ಹಳೇ ಮೇಲ್‌ನ ಅಟ್ಯಾಚ್‌ಮೆಂಟ್ ಜೊತೆಗೆ ಬರುವುದಿಲ್ಲ. 'ಲಗತ್ತಿಸಿದ್ದೇನೆ' ಅಂತ ಬರೆದಿರುತ್ತಾರೆ, ಲಗತ್ತು ಇರುವುದಿಲ್ಲ. ಫೈಲನ್ನು ಮತ್ತೆ ಸೇರಿಸಿ.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ. ನೀವು ಇಂಗ್ಲಿಷಲ್ಲಿ ಬರೆದರೂ ಇದೇ ಕ್ರಮ ಇರಲಿ.

> ನಮಸ್ಕಾರ ಸರ್,
>
> ನಾನು ಕಳೆದ ವರ್ಷದ ಬ್ಯಾಚಿನವನು, ನಿಮ್ಮ ಕೈಕೆಳಗೆ ಮಣ್ಣಿನ ತೇವ ಅಳೆಯುವ ಪ್ರಾಜೆಕ್ಟ್ ಮಾಡಿದ ತಂಡದಲ್ಲಿದ್ದೆ. ಎಂ.ಎಸ್.ಗೆ ಶಿಫಾರಸು ಪತ್ರ ಕೇಳಿ ನವೆಂಬರ್ 12ರಂದು ಬರೆದಿದ್ದೆ. ಸೆಮಿಸ್ಟರ್ ಕೊನೆಯ ಕೆಲಸದ ನಡುವೆ ಮತ್ತೆ ಬರೆಯುತ್ತಿದ್ದೇನೆ.
>
> ಮೂರು ಯೂನಿವರ್ಸಿಟಿಗೂ ಒಂದೇ ಪತ್ರ ಸಾಕು. ಕೊನೆ ದಿನ ಡಿಸೆಂಬರ್ 15. ಡಿಸೆಂಬರ್ 10ರೊಳಗೆ ಅಪ್‌ಲೋಡ್ ಆದರೆ ನನಗೆ ಅನುಕೂಲ. ಪ್ರಾಜೆಕ್ಟಿನಲ್ಲಿ ನಾನು ಮಾಡಿದ ಕೆಲಸವನ್ನು ಒಂದು ಪುಟದಲ್ಲಿ ಬರೆದು ಲಗತ್ತಿಸಿದ್ದೇನೆ.
>
> ನಿಮಗೆ ಆಗುತ್ತದೆಯೇ ಎಂದು ನವೆಂಬರ್ 25ರೊಳಗೆ ಒಂದು ಸಾಲು ತಿಳಿಸಿದರೆ ಮುಂದಿನ ವ್ಯವಸ್ಥೆ ಮಾಡಿಕೊಳ್ಳುತ್ತೇನೆ. ಈ ಸಲ ಸಮಯ ಆಗದಿದ್ದರೂ ದಯವಿಟ್ಟು ತಿಳಿಸಿ ಸರ್. ಬೇರೆ ಅಧ್ಯಾಪಕರನ್ನು ಕೇಳುತ್ತೇನೆ.

ಕೆಳಗೆ ಪೂರ್ತಿ ಹೆಸರು, ಯುಎಸ್‌ಎನ್, ಫೋನ್ ನಂಬರ್.

ಎಂಟು ದಿನದಿಂದ ಕಾಯುತ್ತಿದ್ದೇನೆ ಅಂತ ಇದರಲ್ಲಿ ಎಲ್ಲೂ ಇಲ್ಲ. ಮೊದಲು ಬರೆದ ದಿನಾಂಕ ಮಾತ್ರ ಇದೆ, ಅಷ್ಟರಲ್ಲೇ ಅವರಿಗೆ ಗೊತ್ತಾಗುತ್ತದೆ. 'ಜಂಟಲ್ ರಿಮೈಂಡರ್' ಅನ್ನುವ ಮಾತು ಬೇಡ. ಅದು ಈಗ ಆಫೀಸುಗಳಲ್ಲಿ ಬಾಕಿ ವಸೂಲಿಯ ದನಿ ಪಡೆದುಕೊಂಡಿದೆ. ನಿಮ್ಮ ಆಫೀಸಿನಲ್ಲಿ ಅದು ದಿನಕ್ಕೆ ಹತ್ತು ಸಲ ಕಾಣಬಹುದು, ಮೇಷ್ಟ್ರಿಗೆ ಬರೆಯುವಾಗ ಬೇಡ. 'ನನ್ನ ಭವಿಷ್ಯ ನಿಮ್ಮ ಕೈಯಲ್ಲಿದೆ ಸರ್' ಅಂತಲೂ ಬರೆಯಬೇಡಿ. ಓದಿದವರಿಗೆ ಮುಜುಗರ ಆಗುತ್ತದೆ. ಮುಜುಗರ ಆದ ಮೇಲ್‌ಗೆ ಉತ್ತರ ಇನ್ನೂ ತಡ.

ದಿನಾಂಕಗಳನ್ನು ಪ್ರಾಮಾಣಿಕವಾಗಿ ಕೊಡಿ. ಡಿಸೆಂಬರ್ 10ನ್ನೇ ಕೊನೆ ದಿನ ಅಂತ ಸುಳ್ಳು ಹೇಳುವವರಿದ್ದಾರೆ. ಸರ್ ಲಿಂಕ್ ತೆರೆದಾಗ ಅಲ್ಲಿ 15 ಅಂತ ಇದ್ದರೆ ಮುಂದಿನ ಮಾತನ್ನು ಅವರು ನಂಬುವುದಿಲ್ಲ. ಎರಡೂ ದಿನಾಂಕ ಹೇಳಿ, ಯಾವುದು ಏಕೆ ಅಂತಲೂ ಗೊತ್ತಾಗಲಿ. ನಿಮಗೆ ಮಾತ್ರ ತಿಳಿದಿರಲಿ: ಅಮೆರಿಕದ ಪೂರ್ವ ಕರಾವಳಿಯ ಡಿಸೆಂಬರ್ 15ರ ರಾತ್ರಿ 11:59 ಅಂದರೆ ನಮಗೆ 16ರ ಬೆಳಗ್ಗೆ 10:29. ಆ ಹತ್ತು ಗಂಟೆಯನ್ನು ನಂಬಿಕೊಂಡು ಲೆಕ್ಕ ಹಾಕಬೇಡಿ.

ಕೊನೆ ಸಾಲಿನ ಬಗ್ಗೆ ನಿಮಗೆ ಅಳುಕು ಇರಬಹುದು. ನಾವೇ 'ಆಗದಿದ್ದರೆ ಬೇಡ' ಅಂದರೆ ಅವರು ಹಾಗೇ ಅಂದುಬಿಟ್ಟರೆ? ಅನ್ನಲಿ ಬಿಡಿ. ಮನಸ್ಸಿಲ್ಲದೆ ಬರೆದ ಪತ್ರದಲ್ಲಿ 'ಶ್ರಮಜೀವಿ, ಶಿಸ್ತಿನ ವಿದ್ಯಾರ್ಥಿ' ಅಂತ ನಾಲ್ಕು ಸಾಲು ಇರುತ್ತದೆ. ಅದರಿಂದ ಅರ್ಜಿಗೆ ಉಪಯೋಗ ಇಲ್ಲ. ಮೇಷ್ಟ್ರಿಗೆ ಇಲ್ಲ ಅನ್ನುವುದು ಕಷ್ಟ, ಅದಕ್ಕೇ ತುಂಬ ಜನ ಉತ್ತರವನ್ನೇ ಕೊಡುವುದಿಲ್ಲ. ಬಾಗಿಲು ನೀವೇ ತೆರೆದಿಟ್ಟರೆ ಅವರಿಗೆ ಮಾತಾಡುವುದು ಸುಲಭ ಆಗುತ್ತದೆ.

ಇನ್ನು ಆ ಒಂದು ಪುಟದ ಟಿಪ್ಪಣಿ. ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಇದೇ. ಎರಡು ವರ್ಷದ ಹಿಂದೆ ಒಬ್ಬ ಹುಡುಗಿಯ ಮೊದಲ ಮೇಲ್‌ಗೆ ನಾನು ಹನ್ನೊಂದು ದಿನ ಉತ್ತರ ಕೊಟ್ಟಿರಲಿಲ್ಲ. ಅದರಲ್ಲಿ ಅಂಕಪಟ್ಟಿ, ಬಯೋಡೇಟಾ ಇತ್ತು. ಅಂಕ ಯೂನಿವರ್ಸಿಟಿಗೆ ಹೇಗೂ ಹೋಗುತ್ತದೆ, ನಾನು ಬರೆಯುವುದು ಏನು? ಎರಡನೇ ಮೇಲ್‌ನಲ್ಲಿ ಅವಳು ಹೀಗೆ ಬರೆದಿದ್ದಳು: 'ಎರಡು ಕಡ್ಡಿಯ ಸೆನ್ಸರನ್ನು ಒದ್ದೆ ಮಣ್ಣಲ್ಲಿ ಬಿಟ್ಟು ಎರಡು ವಾರ ಆದ ಮೇಲೆ ಅಳತೆ ತಪ್ಪತೊಡಗಿತು. ಕಿತ್ತು ನೋಡಿದರೆ ಕಡ್ಡಿಯ ಲೋಹ ತಿಂದುಹೋಗಿತ್ತು. ಕೆಪಾಸಿಟಿವ್ ಸೆನ್ಸರ್ ಹಾಕೋಣ ಅಂತ ನಾನು ಹೇಳಿದೆ. ಅಳತೆ ಸರಿ ಇದೆಯಾ ಅಂತ ನೋಡಲು ಮಣ್ಣಿನ ಕುಂಡವನ್ನು ಅಡುಗೆಮನೆ ತಕ್ಕಡಿಯಲ್ಲಿ ದಿನಾ ತೂಗಿ ಪಟ್ಟಿ ಮಾಡಿದೆ. ನೀವು ಆ ಪಟ್ಟಿ ನೋಡಿ, ಗ್ರಾಫ್ ಬರೆಸಿದ್ದಿರಿ.'

ಗ್ರಾಫ್ ಅಂದ ತಕ್ಷಣ ನನಗೆ ಅವಳು ನೆನಪಾದಳು. ಗೆರೆ ಹಾಕಿದ ನೋಟ್‌ಬುಕ್ಕು, ಮೂಲೆಗೆ ಮಣ್ಣು ಮೆತ್ತಿತ್ತು. ಆವತ್ತು ರಾತ್ರಿಯೇ ಪತ್ರ ಬರೆದೆ.

ನಿಮ್ಮ ಟಿಪ್ಪಣಿಯಲ್ಲೂ ಇಂಥ ಎರಡು ಘಟನೆ ಸಾಕು. ಏನು ಕೆಟ್ಟಿತು, ನೀವು ಏನು ಮಾಡಿದಿರಿ, ಸರ್ ಅದನ್ನು ಕಣ್ಣಾರೆ ನೋಡಿದ್ದು ಎಲ್ಲಿ. ಅವರು ನೋಡದ ಸಾಧನೆ ಎಷ್ಟೇ ದೊಡ್ಡದಾದರೂ ಅದು ಅವರ ಪತ್ರಕ್ಕೆ ಸೇರುವುದಿಲ್ಲ. 'ನೀನೇ ಬರೆದು ತಾ, ನಾನು ಸೈನ್ ಹಾಕ್ತೀನಿ' ಅಂತ ಕೆಲವರು ಹೇಳುತ್ತಾರೆ. ಅದಕ್ಕೆ ಒಪ್ಪಬೇಡಿ. ಪತ್ರ ಅವರದೇ ಆಗಿರಬೇಕು ಅಂತ ಯೂನಿವರ್ಸಿಟಿ ನಿರೀಕ್ಷಿಸುತ್ತದೆ. 'ಸರ್, ಬೇಕಾದ ವಿವರ ಈ ಪುಟದಲ್ಲಿದೆ, ಇನ್ನೇನಾದರೂ ಬೇಕಿದ್ದರೆ ಇವತ್ತೇ ಕಳಿಸುತ್ತೇನೆ' ಅಂತ ಹೇಳಿ.

25ರವರೆಗೂ ಉತ್ತರ ಬರದಿದ್ದರೆ ಮೂರನೇ ಮೇಲ್ ಹಾಕಬೇಡಿ. ಎರಡು ಮೇಲ್ ಕಾಣದವರಿಗೆ ಮೂರನೆಯದೂ ಕಾಣುವುದಿಲ್ಲ. ಡಿಪಾರ್ಟ್‌ಮೆಂಟಿನ ಲ್ಯಾಂಡ್‌ಲೈನ್‌ಗೆ ಫೋನ್ ಮಾಡಿ, ಸರ್ ಎಷ್ಟು ಹೊತ್ತಿಗೆ ಬಿಡುವಾಗಿರುತ್ತಾರೆ ಅಂತ ಅಟೆಂಡರ್ ಹತ್ತಿರ ವಿಚಾರಿಸಿ. ಪ್ರಾಜೆಕ್ಟ್ ಸಮಯದಲ್ಲಿ ಸರ್ ತಾವೇ ನಂಬರ್ ಕೊಟ್ಟಿದ್ದರೆ ಕಾಲೇಜಿನ ವೇಳೆಯಲ್ಲಿ ಒಂದು ವಾಟ್ಸ್ಆ್ಯಪ್ ಹಾಕಬಹುದು: 'ಸರ್, 20ರಂದು ಮೇಲ್ ಕಳಿಸಿದ್ದೆ, ಎರಡು ನಿಮಿಷ ಯಾವಾಗ ಫೋನ್ ಮಾಡಲಿ?' ನೀಲಿ ಟಿಕ್ ಬಂದಿದೆಯಾ ಅಂತ ಅರ್ಧ ಗಂಟೆಗೊಮ್ಮೆ ನೋಡಿ ಇನ್ನೊಂದು ಹಾಕಬೇಡಿ. ಊರಿಗೆ ಹೋಗುವುದಿದ್ದರೆ, ಆ ಶನಿವಾರ ಕಾಲೇಜು ಇದೆಯಾ ಅಂತ ಕೇಳಿಕೊಂಡು ಕೊನೆ ಪೀರಿಯಡ್ ಮುಗಿದ ಮೇಲೆ ಸ್ಟಾಫ್‌ರೂಮಿಗೆ ಹೋಗಿ ನಿಲ್ಲಿ. ಟಿಪ್ಪಣಿಯ ಪ್ರಿಂಟ್ ಕೈಯಲ್ಲಿರಲಿ. ಎಷ್ಟೋ ಸಲ ಐದು ನಿಮಿಷದ ಆ ಭೇಟಿಯಲ್ಲೇ ಕೆಲಸ ಆಗುತ್ತದೆ.

ಏನೂ ಆಗದಿದ್ದರೆ ನವೆಂಬರ್ 28ಕ್ಕೆ ಇನ್ನೊಬ್ಬ ಮೇಷ್ಟ್ರನ್ನು ಕೇಳಿ. ಅವರಿಗೂ ಎರಡು ವಾರ ಬೇಕಲ್ವಾ? ಅವರು ಒಪ್ಪಿದ ದಿನವೇ ಮೊದಲ ಸರ್‌ಗೆ ಒಂದು ಸಾಲು ಬರೆಯಿರಿ: 'ಬೇರೆ ವ್ಯವಸ್ಥೆ ಆಗಿದೆ ಸರ್, ನೀವು ತೊಂದರೆ ತಗೋಬೇಡಿ.' ಇದನ್ನು ಮರೆಯುವವರೇ ಜಾಸ್ತಿ. ಆಮೇಲೆ ಡಿಸೆಂಬರ್ 12ಕ್ಕೆ ಮೊದಲ ಸರ್ ರಾತ್ರಿ ಕೂತು ಪತ್ರ ಬರೆದು, ಹಾಕಲು ಲಿಂಕ್ ಎಲ್ಲಿ ಅಂತ ಹುಡುಕುತ್ತಾರೆ.

ಸರ್ ಒಪ್ಪಿದರೆ ಅವತ್ತೇ ಧನ್ಯವಾದ ಹೇಳಿ. ಅರ್ಜಿಯಲ್ಲಿ ಅವರ ಹೆಸರು ತುಂಬಿಸಿ, ಮೂರು ಯೂನಿವರ್ಸಿಟಿಯಿಂದ ಮೂರು ಲಿಂಕ್ ಬರುತ್ತವೆ, ಸ್ಪ್ಯಾಮ್ ಕೂಡ ನೋಡಿ ಸರ್ ಅಂತ ತಿಳಿಸಿ. ಆಮೇಲೆ ಡಿಸೆಂಬರ್ 5ರವರೆಗೆ ಏನೂ ಬರೆಯಬೇಡಿ. 5ಕ್ಕೆ ಪೋರ್ಟಲ್ ತೆರೆದು ನೋಡಿ. ಎರಡು ಪತ್ರ ಬಂದು ಒಂದು ಬಾಕಿ ಇದ್ದರೆ, ಬಾಕಿ ಇರುವ ಯೂನಿವರ್ಸಿಟಿಯ ಹೆಸರನ್ನಷ್ಟೇ ಬರೆದು ಕಳಿಸಿ. ಆ ಲಿಂಕ್ ಬಂದಿಲ್ಲ ಅಂದರೆ, ನೆನಪೋಲೆಯ ಬಟನ್ ಒತ್ತುವುದು ಆಗ.