ಕ್ಯೂಬಿಆರ್‌ನಲ್ಲಿ ಯಾವ ಸ್ಲೈಡ್ ಮೊದಲು?

ಪ್ರಶ್ನೆ: ಸಪೋರ್ಟ್ ಪ್ರಾಜೆಕ್ಟ್‌ನ ಕ್ಲೈಂಟ್‌ಗೆ ಮೂರು ತಿಂಗಳ ರಿವ್ಯೂ, ಅಂದರೆ ಕ್ಯೂಬಿಆರ್, ಕೊಡಬೇಕು. ಸ್ಲೈಡ್‌ಗಳನ್ನು ಯಾವ ಕ್ರಮದಲ್ಲಿ ಜೋಡಿಸಲಿ?

ಮೊದಲ ಸ್ಲೈಡ್‌ನಲ್ಲೇ ಕ್ಲೈಂಟ್‌ನ ವ್ಯವಹಾರಕ್ಕೆ ಏನಾಯಿತು, ಅವರಿಂದ ಯಾವ ನಿರ್ಧಾರ ಬೇಕು ಎಂದು ಹೇಳಿ. ನಂತರ ಎಡವಿದ ಕಡೆ, ಅದರ ಕಾರಣ, ಮುಂದಿನ ಮೂರು ತಿಂಗಳ ಯೋಜನೆ. ಟಿಕೆಟ್ ಲೆಕ್ಕ, ಎಸ್‌ಎಲ್‌ಎ (ಒಪ್ಪಿದ ಸಮಯದೊಳಗೆ ಕೆಲಸ ಮುಗಿಸುವ ಮಾತು) ಕೋಷ್ಟಕಗಳೆಲ್ಲ ಕೊನೆಗೆ, ಅನುಬಂಧದಲ್ಲಿ.

ಯಾಕೆಂದರೆ ಆ ಅಂಕಿಗಳನ್ನು ಅವರ ಮ್ಯಾನೇಜರ್ ಪ್ರತಿ ತಿಂಗಳೂ ನೋಡಿರುತ್ತಾರೆ. ಈ ಸಭೆಗೆ ಬರುವ ಹಿರಿಯರಿಗೆ ಬೇಕಿರುವುದು ನಿರ್ಧಾರ. ಅವರು ಅರ್ಧಕ್ಕೇ ಎದ್ದು ಹೋಗುವುದೂ ಉಂಟು.

ಒಂದು ಉದಾಹರಣೆ. ಬಿಲ್ಲಿಂಗ್ ಜಾಬ್ ಮೂರು ತಿಂಗಳೂ ತಿಂಗಳ ಕೊನೆಗೆ ನಿಂತಿತು ಅಂದುಕೊಳ್ಳಿ. ಪ್ರತಿ ಸಲ 4 ಗಂಟೆಗಳ ಗಡುವಿನೊಳಗೆ ಸರಿಮಾಡಿದಿರಿ, ಎಸ್‌ಎಲ್‌ಎ ಪೂರ್ತಿ ಹಸಿರು. ಆದರೆ ಅವರ ಇನ್‌ವಾಯ್ಸ್‌ಗಳು ಮೂರು ಸಲವೂ ಒಂದು ದಿನ ತಡವಾದವು. ಹಸಿರು ಚಾರ್ಟ್ ಮೊದಲು ತೋರಿಸಿದರೆ ಅವರಿಗೆ ಸಿಟ್ಟು ಬರುತ್ತದೆ, ಅಲ್ವಾ? ಹೊರಗೆ ಹಸಿರು, ಒಳಗೆ ಕೆಂಪು ಇರುವುದರಿಂದ ಇದನ್ನು ಐಟಿಯವರು ಕಲ್ಲಂಗಡಿ ಎಸ್‌ಎಲ್‌ಎ ಅನ್ನುತ್ತಾರೆ. ಬದಲಿಗೆ ಸ್ಲೈಡ್‌ನ ತಲೆಬರಹವೇ ಹೀಗಿರಲಿ: ‘ಇನ್‌ವಾಯ್ಸ್ ಮೂರು ಸಲ ತಡ. ಮೂರಕ್ಕೂ ಕಾರಣ ಒಂದೇ, ಡೇಟಾಬೇಸ್ ಲಾಕ್. ಶಾಶ್ವತ ರಿಪೇರಿಗೆ ಭಾನುವಾರ 2 ಗಂಟೆ ಕಾಲ ಸಿಸ್ಟಂ ನಿಲ್ಲಿಸಲು ಒಪ್ಪಿಗೆ ಬೇಕು.’

ಸ್ಲೈಡ್‌ಗಳನ್ನು ಎರಡು ಮೂರು ದಿನ ಮೊದಲೇ ಅವರ ಮ್ಯಾನೇಜರ್‌ಗೆ ತೋರಿಸಿ. ಬಾಸ್ ಎದುರು ಮೊದಲ ಸಲ ಕೆಟ್ಟ ಸುದ್ದಿ ಕೇಳಿದರೆ ಅವರು ಸುಮ್ನೆ ನಿಮ್ಮ ಅಂಕಿಗಳನ್ನೇ ಪ್ರಶ್ನಿಸುತ್ತಾ ಕೂರುತ್ತಾರೆ.