ಹಸ್ತಾ ಮೂರನೇ ಪಾದಕ್ಕೆ ‘ಣ’ ಬಂದರೆ ಹೆಸರು ಹೇಗೆ?

“ಮಗಳದು ಹಸ್ತಾ ನಕ್ಷತ್ರ, ಮೂರನೇ ಪಾದ. ಅಕ್ಷರ ‘ಣ’ ಅಂತಾರೆ. ಅದರಲ್ಲಿ ಯಾವ ಹೆಸರಿಡೋದು?”

ಮೊದಲು ಪಾದವನ್ನೇ ಇನ್ನೊಮ್ಮೆ ಲೆಕ್ಕ ಹಾಕಿ. ಹಸ್ತಾ ನಕ್ಷತ್ರದ ನಾಲ್ಕು ಪಾದಗಳಿಗೆ ಪೂ, ಷ, ಣ, ಠ ಎಂದು ಕ್ರಮ. ಪಂಚಾಂಗದಲ್ಲಿ ನಕ್ಷತ್ರ ಶುರುವಾದ ಮತ್ತು ಮುಗಿದ ಹೊತ್ತು ನೋಡಿ ನಾಲ್ಕು ಭಾಗ ಮಾಡಿ. ಉದಾಹರಣೆಗೆ ಬೆಳಗ್ಗೆ 6ಕ್ಕೆ ಶುರುವಾಗಿ ಮರುದಿನ 6.24ಕ್ಕೆ ಮುಗಿದರೆ, ಒಂದು ಪಾದಕ್ಕೆ 6 ಗಂಟೆ 6 ನಿಮಿಷ. ಮೂರನೆಯದು ಸಂಜೆ 6.12ಕ್ಕೆ ಶುರು. ಮಗು ಹುಟ್ಟಿದ್ದು 6.20ಕ್ಕಾದರೆ ಎಂಟೇ ನಿಮಿಷದ ಅಂತರ. ಆಸ್ಪತ್ರೆಯಲ್ಲಿ ಸಮಯ ತಡವಾಗಿ ಬರೆದಿದ್ದರೆ ಪಾದವೇ ಎರಡನೆಯದಾಗಿ, ಅಕ್ಷರ ‘ಷ’ ಆಗುತ್ತದೆ. ಹೀಗೆ ಅಂಚಿನಲ್ಲಿ ಬಿದ್ದಾಗ ದೃಗ್ಗಣಿತ ಪಂಚಾಂಗಕ್ಕೂ ಹಳೆಯ ಪದ್ಧತಿಯದಕ್ಕೂ ಉತ್ತರ ಬೇರೆಯಾಗಬಹುದು. ನಿಮ್ಮ ಮನೆತನದಲ್ಲಿ ಬಳಸುವುದನ್ನೇ ಹಿಡಿಯಿರಿ.

‘ಣ’ವೇ ಖಚಿತವಾದರೂ ಚಿಂತೆ ಬೇಡ, ಕನ್ನಡದಲ್ಲಿ ಆ ಅಕ್ಷರದಿಂದ ಹೆಸರು ಶುರುವಾಗುವುದೇ ಇಲ್ಲ. ಅದೇ ನಕ್ಷತ್ರದ ‘ಪೂ’ ತೆಗೆದುಕೊಳ್ಳುವುದು ರೂಢಿ: ಪೂರ್ವಿ, ಪೂರ್ಣಿಮಾ. ಇನ್ನೂ ಆಯ್ಕೆ ಬೇಕಿದ್ದರೆ ಹಸ್ತಾ ಪೂರ್ತಿ ಕನ್ಯಾ ರಾಶಿಯಲ್ಲೇ ಇರುವುದರಿಂದ ಆ ರಾಶಿಯ ಪಾ, ಪೀ, ಪೇ, ಪೋ ಕೂಡ ನಡೆಯುತ್ತವೆ. ಪಾವನಿ ಚೆನ್ನಾಗಿ ಹೊಂದುತ್ತದೆ. ಬೇರೆ ಹೆಸರೇ ಇಷ್ಟವಾದರೆ, ನಾಮಕರಣದಲ್ಲಿ ತಟ್ಟೆಯ ಅಕ್ಕಿಯ ಮೇಲೆ ನಕ್ಷತ್ರನಾಮ ಬರೆದು, ಜನನ ಪ್ರಮಾಣಪತ್ರಕ್ಕೆ ವ್ಯವಹಾರನಾಮ ಕೊಡಿ.