ಹೆಡ್‌ಫೋನ್ ಬೇಕಿದ್ದುದು ದಾವಣಗೆರೆಗಲ್ಲ, ದುರ್ಗಕ್ಕೆ

ಪ್ರಶ್ನೆ: ಪ್ರತಿ ಭಾನುವಾರ ಚಿತ್ರದುರ್ಗದ ತಮ್ಮನ ಮನೆಗೆ ವಿಡಿಯೊ ಕರೆ ಮಾಡಿ ಅಮ್ಮನ ಜೊತೆ ಮಾತನಾಡುತ್ತೇನೆ. ಅಮ್ಮನಿಗೆ ದೃಷ್ಟಿ ಮಂದ, ಕಿವಿಯೂ ಸ್ವಲ್ಪ ದೂರ. ಅದಕ್ಕೆ ಅವರು ಲ್ಯಾಪ್‌ಟಾಪನ್ನು ಕೇಬಲ್ ಹಾಕಿ ಟಿವಿಗೆ ಜೋಡಿಸುತ್ತಾರೆ. ಅಂದಿನಿಂದ ನಾನಾಡಿದ ಮಾತು ಅರ್ಧ ಸೆಕೆಂಡಿನ ಹೊತ್ತಿಗೆ ನನಗೇ ವಾಪಸ್ ಕೇಳುತ್ತಿದೆ. ಅವರಿಗೆ ಯಾವ ತೊಂದರೆಯೂ ಇಲ್ಲ. ‘ನಿನ್ನ ಮೊಬೈಲೇ ಸರಿಯಿಲ್ಲ ಅಕ್ಕ’ ಎನ್ನುತ್ತಾನೆ ತಮ್ಮ. ನಾಯ್ಸ್ ಕ್ಯಾನ್ಸಲೇಷನ್ ಇರುವ ಹೆಡ್‌ಫೋನ್ ಕೊಂಡರೂ ಹೋಗಲಿಲ್ಲ. ಏನು ಮಾಡಲಿ?
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ನಿಮ್ಮ ಮೊಬೈಲ್ ಸರಿಯಾಗಿಯೇ ಇದೆ. ಈ ಉತ್ತರವನ್ನು ತಮ್ಮನಿಗೆ ತೋರಿಸಿ, ಏಕೆಂದರೆ ಕೆಲಸ ಇರುವುದು ಅವರ ಮನೆಯಲ್ಲಿ. ವಿಡಿಯೊ ಕರೆಯಲ್ಲಿ ಪ್ರತಿಧ್ವನಿ ಯಾರಿಗೆ ಕೇಳಿಸುತ್ತದೆಯೋ ಅದು ಅವರ ಬಳಿ ಹುಟ್ಟಿದ್ದಲ್ಲ. ಹೆಚ್ಚುಕಡಿಮೆ ಯಾವಾಗಲೂ ಎದುರಿನವರ ಕೋಣೆಯಲ್ಲಿ ಹುಟ್ಟಿ ಬಂದದ್ದು. ನಿಮ್ಮ ಮಾತು ದುರ್ಗದ ಟಿವಿಯ ಸ್ಪೀಕರಿನಿಂದ ಹೊರಬೀಳುತ್ತದೆ, ಗೋಡೆಗೂ ಟೈಲ್ಸ್ ನೆಲಕ್ಕೂ ತಾಗಿ ಲ್ಯಾಪ್‌ಟಾಪಿನ ಮೈಕ್ರೊಫೋನಿಗೆ ಬೀಳುತ್ತದೆ. ಅದು ಅಮ್ಮನ ದನಿಯೋ ಟಿವಿಯ ದನಿಯೋ ಎಂಬ ಭೇದ ಮೈಕ್ರೊಫೋನಿಗೆ ಗೊತ್ತಿಲ್ಲ. ಎರಡನ್ನೂ ನಿಮ್ಮ ಕಡೆಗೆ ಕಳುಹಿಸಿಬಿಡುತ್ತದೆ.

ಅವರಿಗೆ ಪ್ರತಿಧ್ವನಿ ಏಕಿಲ್ಲ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ನೀವು ಹೆಡ್‌ಫೋನ್ ಹಾಕಿರುವುದರಿಂದ ಅಮ್ಮನ ದನಿ ನಿಮ್ಮ ಕಿವಿಯಲ್ಲೇ ಮುಗಿಯುತ್ತದೆ, ನಿಮ್ಮ ಮೈಕ್ರೊಫೋನಿನವರೆಗೆ ಬರುವುದೇ ಇಲ್ಲ. ಅಂದರೆ ನೀವು ಖರ್ಚು ಮಾಡಿದ ಹಣ ಅವರ ಕಿವಿಯನ್ನು ಕಾಪಾಡುತ್ತಿದೆ. ಇನ್ನು ಅಂಗಡಿಯವರು ಹೇಳಿದ ನಾಯ್ಸ್ ಕ್ಯಾನ್ಸಲೇಷನ್ ಬೇರೆಯೇ ಕೆಲಸದ್ದು: ನಿಮ್ಮ ಸುತ್ತಲಿನ ಫ್ಯಾನು, ಬಸ್ಸುಗಳ ಸದ್ದು ನಿಮ್ಮ ಕಿವಿಗೆ ಬೀಳದಂತೆ ತಗ್ಗಿಸುವುದು. ಕರೆಯೊಳಗೇ ಸೇರಿ ಬರುವ ಪ್ರತಿಧ್ವನಿಯನ್ನು ಅದು ಮುಟ್ಟುವುದಿಲ್ಲ.

ನನ್ನ ಮಾತನ್ನು ಸುಮ್ಮನೆ ನಂಬಬೇಡಿ, ಪರೀಕ್ಷಿಸಿ. ಮುಂದಿನ ಕರೆಯಲ್ಲಿ ತಮ್ಮನಿಗೆ ಮ್ಯೂಟ್ ಒತ್ತಲು ಹೇಳಿ ನೀವು ಎಣಿಸುತ್ತಾ ಹೋಗಿ. ಅವರು ಮ್ಯೂಟ್ ಆದೊಡನೆ ಪ್ರತಿಧ್ವನಿ ನಿಂತರೆ ಅದರ ಹುಟ್ಟೂರು ಖಚಿತವಾಯಿತು. ಮೂರು ನಾಲ್ಕು ಮನೆಯವರು ಒಂದೇ ಕರೆಯಲ್ಲಿದ್ದರೆ ಒಬ್ಬೊಬ್ಬರನ್ನೇ ಮ್ಯೂಟ್ ಮಾಡಿಸುತ್ತಾ ಹೋಗಿ, ಯಾರ ಸರದಿಯಲ್ಲಿ ನಿಲ್ಲುತ್ತದೆಯೋ ಅವರ ಮನೆ.

ನೀವು ಬರೆದಿರುವ ‘ಅರ್ಧ ಸೆಕೆಂಡ್’ ನನಗೆ ತುಂಬ ಉಪಯೋಗಕ್ಕೆ ಬಂತು. ನಿಮ್ಮ ದನಿಯನ್ನು ಸಣ್ಣ ಸಣ್ಣ ತುಣುಕುಗಳಾಗಿ ಕಟ್ಟಿ, ಜಾಲದಲ್ಲಿ ಸಾಗಿಸಿ, ಆ ತುದಿಯಲ್ಲಿ ತುಣುಕುಗಳು ಹಿಂದೆ ಮುಂದೆ ಆಗದಂತೆ ಸ್ವಲ್ಪ ಕಾದು ನುಡಿಸುವುದಕ್ಕೆ ಒಂದು ದಿಕ್ಕಿಗೆ ಸುಮಾರು 150 ಮಿಲಿಸೆಕೆಂಡ್ ಎಂದಿಟ್ಟುಕೊಳ್ಳೋಣ. ಹೋಗಿಬರುವುದಕ್ಕೆ 300 ಆಯಿತು. ಇದರ ಮೇಲೆ ಟಿವಿ ಇದೆ. ಚಿತ್ರವನ್ನು ಚೆಂದಗೊಳಿಸಲು ಟಿವಿಗಳು ಸಮಯ ತೆಗೆದುಕೊಳ್ಳುತ್ತವೆ, ತುಟಿಗೂ ಮಾತಿಗೂ ಹೊಂದಲೆಂದು ದನಿಯನ್ನೂ ತಡೆದು ಬಿಡುತ್ತವೆ. ಇದು 100 ಮಿಲಿಸೆಕೆಂಡ್, ಕೆಲವು ಟಿವಿಗಳಲ್ಲಿ ಅದಕ್ಕೂ ಹೆಚ್ಚು. ಎಲ್ಲ ಕೂಡಿದರೆ ನಿಮ್ಮ ಅರ್ಧ ಸೆಕೆಂಡಿನ ಹತ್ತಿರ ಬರುತ್ತದೆ. ನಮ್ಮ ದನಿ ಇಪ್ಪತ್ತು ಮೂವತ್ತು ಮಿಲಿಸೆಕೆಂಡಿನೊಳಗೆ ಮರಳಿದರೆ ಅದು ಪ್ರತಿಧ್ವನಿ ಎಂದು ಅನ್ನಿಸುವುದೇ ಇಲ್ಲ. ಇಷ್ಟು ತಡವಾದರೆ ಮಾತ್ರ ನಾಲಿಗೆ ತೊಡರುತ್ತದೆ, ವಾಕ್ಯ ಅರ್ಧಕ್ಕೇ ನಿಲ್ಲುತ್ತದೆ.

ಹಾಗಾದರೆ ಎಲ್ಲ ಕರೆಗಳಲ್ಲೂ ಹೀಗಾಗಬೇಕಿತ್ತಲ್ಲ? ಆಗಬೇಕಿತ್ತು. ತಡೆಯುವುದು ಕರೆಯ ತಂತ್ರಾಂಶದೊಳಗೆ ಕೂತಿರುವ ಪ್ರತಿಧ್ವನಿ ನಿವಾರಕ. ತಮ್ಮನ ಲ್ಯಾಪ್‌ಟಾಪ್ ಸ್ಪೀಕರಿಗೆ ಏನನ್ನು ಕಳುಹಿಸುತ್ತಿದೆಯೋ ಅದರ ಒಂದು ಪ್ರತಿ ಈ ನಿವಾರಕದ ಕೈಯಲ್ಲಿರುತ್ತದೆ. ಸ್ಪೀಕರಿನಿಂದ ಮೈಕ್ರೊಫೋನಿಗೆ ದನಿ ಎಷ್ಟು ತಡವಾಗಿ, ಎಷ್ಟು ಕುಗ್ಗಿ, ಯಾವ ಯಾವ ಗೋಡೆಗೆ ತಾಗಿ ಬರುತ್ತಿದೆ ಎಂಬುದನ್ನು ಅದು ಸಂಖ್ಯೆಗಳ ಒಂದು ಸಾಲಿನಲ್ಲಿ ಕಲಿಯುತ್ತದೆ. ದನಿಯನ್ನು ಸೆಕೆಂಡಿಗೆ 16,000 ಸಲ ಅಳೆಯುವುದಾದರೆ 128 ಮಿಲಿಸೆಕೆಂಡಿನ ಪ್ರತಿಧ್ವನಿಯನ್ನು ಹಿಡಿಯಲು ಅಂಥ 2048 ಸಂಖ್ಯೆಗಳು ಬೇಕು. ‘ನನ್ನ ಲೆಕ್ಕದ ಪ್ರಕಾರ ಈ ಕ್ಷಣ ಮೈಕ್ರೊಫೋನಿಗೆ ಇಷ್ಟು ಪ್ರತಿಧ್ವನಿ ಬಿದ್ದಿರಬೇಕು’ ಎಂದು ಊಹಿಸಿ ಅಷ್ಟನ್ನು ಕಳೆಯುತ್ತದೆ. ಕಳೆದ ಮೇಲೂ ಉಳಿದದ್ದನ್ನು ನೋಡಿ ಸಂಖ್ಯೆಗಳನ್ನು ತಿದ್ದಿಕೊಳ್ಳುತ್ತದೆ. ಕರೆ ಶುರುವಾದ ಒಂದೆರಡು ಸೆಕೆಂಡ್ ಪ್ರತಿಧ್ವನಿ ಇದ್ದು ಆಮೇಲೆ ಮಾಯವಾಗುವುದು, ಲ್ಯಾಪ್‌ಟಾಪನ್ನು ಸರಿಸಿದಾಗ ಮತ್ತೆ ಇಣುಕುವುದು ಈ ಕಲಿಕೆಯಿಂದಲೇ. ಉಪಾಯ ಹಳೆಯದು. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ 1960ರ ದಶಕದಲ್ಲಿ, ಉಪಗ್ರಹದ ಮೂಲಕ ಹೋಗುವ ದೂರವಾಣಿ ಕರೆಗಳ ಪ್ರತಿಧ್ವನಿಗೆಂದು ರೂಪುಗೊಂಡದ್ದು. 1967ರಲ್ಲಿ ಅದರ ಕುರಿತ ಪ್ರಮುಖ ಲೇಖನ ಬರೆದವರು ಭಾರತ ಮೂಲದ ಮನಮೋಹನ್ ಸೋಂಧಿ.

ಟಿವಿ ಕೆಡಿಸುವುದು ಈ ಲೆಕ್ಕವನ್ನು. ಲ್ಯಾಪ್‌ಟಾಪ್ ತನ್ನ ಸ್ಪೀಕರಿನ ನಡತೆಯನ್ನು ಬಲ್ಲದು. ಟಿವಿ ದನಿಯನ್ನು ಎಷ್ಟು ಹೊತ್ತು ತಡೆಹಿಡಿಯುತ್ತದೆ ಎಂದು ಅದಕ್ಕೆ ಯಾರೂ ಹೇಳುವುದಿಲ್ಲ. ನಿವಾರಕ ಕಾದಿದ್ದು ಮುಗಿದ ಮೇಲೆ ಪ್ರತಿಧ್ವನಿ ಬಂದರೆ ಕಳೆಯುವುದೇನನ್ನು? ಒಳ್ಳೆಯ ತಂತ್ರಾಂಶ ಆ ತಡವನ್ನು ತಾನೇ ಹುಡುಕಿಕೊಳ್ಳುತ್ತದೆ, ಎಲ್ಲವೂ ಅಲ್ಲ. ಎರಡನೆಯದು ಅಮ್ಮನಿಗಾಗಿ ಏರಿಸಿರುವ ವಾಲ್ಯೂಮ್. ಟಿವಿಯ ಸಣ್ಣ ಸ್ಪೀಕರ್ ಪೂರ್ತಿ ಏರಿಸಿದಾಗ ಒಡೆದ ದನಿ ಕೊಡುತ್ತದೆ. ನಿವಾರಕದ ಬಳಿಯಿರುವ ಪ್ರತಿಯಲ್ಲಿ ಆ ಒಡಕು ಇಲ್ಲ, ಆದ್ದರಿಂದ ಅಷ್ಟು ಭಾಗ ಕಳೆಯದೆ ಉಳಿಯುತ್ತದೆ. ಹಾಗೆ ಉಳಿದದ್ದನ್ನು ಮರೆಮಾಡಲು ತಂತ್ರಾಂಶ ಅವರ ಮೈಕ್ರೊಫೋನನ್ನೇ ತಗ್ಗಿಸುತ್ತದೆ. ನೀವಿಬ್ಬರೂ ಒಟ್ಟಿಗೆ ಮಾತನಾಡಿದಾಗ ಅಮ್ಮನ ಮಾತು ತುಂಡು ತುಂಡಾಗಿ ಕೇಳುತ್ತಿದ್ದರೆ ಕಾರಣ ಇದು, ನೆಟ್‌ವರ್ಕ್ ಅಲ್ಲ.

ಪರಿಹಾರಕ್ಕೆ ಕಾಸು ಬೇಕಿಲ್ಲ. ಚಿತ್ರ ಟಿವಿಯಲ್ಲೇ ಇರಲಿ, ದನಿ ಮಾತ್ರ ಲ್ಯಾಪ್‌ಟಾಪಿನಿಂದ ಬರಲಿ. ಕೇಬಲ್ ಚುಚ್ಚಿದೊಡನೆ ವಿಂಡೋಸ್ ಸಾಮಾನ್ಯವಾಗಿ ದನಿಯನ್ನೂ ಟಿವಿಗೆ ಕಳುಹಿಸಿಬಿಡುತ್ತದೆ. ಪರದೆಯ ಕೆಳಗೆ ಬಲಮೂಲೆಯ ಸ್ಪೀಕರ್ ಚಿಹ್ನೆ ಒತ್ತಿ, ಟಿವಿಯ ಹೆಸರಿನ ಬದಲು Speakers ಎಂದಿರುವುದನ್ನು ಆರಿಸಬೇಕು. ಕರೆಯ ಆ್ಯಪ್‌ನ ಆಡಿಯೊ ಸೆಟ್ಟಿಂಗ್‌ನಲ್ಲೂ ಅದೇ ಆಯ್ಕೆ ಇದೆಯೇ ನೋಡಲಿ. ಲ್ಯಾಪ್‌ಟಾಪನ್ನು ಟಿವಿ ಪಕ್ಕ ಇಡುವ ಬದಲು ಅಮ್ಮನ ಕೈಯಳತೆಯಲ್ಲಿ ಇಟ್ಟರೆ ವಾಲ್ಯೂಮ್ ಅಷ್ಟು ಏರಿಸಬೇಕಾಗುವುದಿಲ್ಲ, ಅವರ ಮಾತೂ ನಿಮಗೆ ಸ್ಪಷ್ಟವಾಗುತ್ತದೆ.

ಅಷ್ಟು ದನಿ ಅಮ್ಮನಿಗೆ ಸಾಲದಿದ್ದರೆ ನಿಮ್ಮ ಹೆಡ್‌ಫೋನನ್ನೇ ಅವರಿಗೆ ಕೊಟ್ಟುಬನ್ನಿ. ಟಿವಿಯಿಂದ ಮೈಕ್ರೊಫೋನಿಗೆ ಇದ್ದ ದಾರಿಯೇ ಇಲ್ಲದಾಗುತ್ತದೆ, ನಿವಾರಕಕ್ಕೆ ಕಳೆಯುವ ಕೆಲಸವೇ ಉಳಿಯುವುದಿಲ್ಲ. ಒಂದು ಎಚ್ಚರಿಕೆ: ತಂತಿಯಲ್ಲೇ ಮೈಕ್ ಇರುವ ಅಗ್ಗದ ಇಯರ್‌ಫೋನ್‌ಗಳಲ್ಲಿ ವಾಲ್ಯೂಮ್ ತುಂಬ ಏರಿಸಿದರೆ ದನಿ ತಂತಿಯೊಳಗೇ ಸೋರಿ ಮೈಕಿಗೆ ಸೇರುವುದುಂಟು. ಹಾಗಾದರೆ ಎರಡು ಮೆಟ್ಟಿಲು ಇಳಿಸಿದರೆ ಸಾಕು. ಮನೆಮಂದಿಯೆಲ್ಲ ಕೂತು ಮಾತನಾಡುವುದೇ ಹೆಚ್ಚಾದರೆ ಮೈಕ್, ಸ್ಪೀಕರ್, ನಿವಾರಕ ಮೂರೂ ಒಂದರಲ್ಲೇ ಇರುವ ಸ್ಪೀಕರ್‌ಫೋನ್ ಸಿಗುತ್ತದೆ. ಅದನ್ನು ಕೊಳ್ಳುವುದು ಮೇಲಿನದೆಲ್ಲ ವಿಫಲವಾದ ಮೇಲೆ.

ತಮ್ಮನ ಮಗ ಅದೇ ಕೋಣೆಯಲ್ಲಿ ತನ್ನ ಮೊಬೈಲಿನಿಂದಲೂ ಕರೆಗೆ ಸೇರಿಕೊಳ್ಳುತ್ತಿದ್ದರೆ ಅದನ್ನು ಮೊದಲು ನಿಲ್ಲಿಸಿ. ಮೊಬೈಲಿನ ಸ್ಪೀಕರಿನಿಂದ ಯಾವ ಕ್ಷಣ ಏನು ಬರುತ್ತದೆ ಎಂಬುದು ಲ್ಯಾಪ್‌ಟಾಪಿಗೆ ತಿಳಿಯದು, ಇದರದ್ದು ಅದಕ್ಕೂ ತಿಳಿಯದು. ಒಂದರ ದನಿ ಇನ್ನೊಂದಕ್ಕೆ ಸುತ್ತಿ ಸುತ್ತಿ ಕಿವಿ ಸೀಳುವ ಶಿಳ್ಳೆಯಾಗುತ್ತದೆ. ಹುಡುಗ ಸೇರಲೇಬೇಕೆಂದರೆ ಅವನು ಮೈಕ್ ಮತ್ತು ಸ್ಪೀಕರ್ ಎರಡನ್ನೂ ಆಫ್ ಮಾಡಬೇಕು. ಮೈಕ್ ಒಂದನ್ನೇ ಆಫ್ ಮಾಡಿದರೆ ಅವನ ಮೊಬೈಲಿನಿಂದ ಬರುವ ನಿಮ್ಮ ದನಿ ಲ್ಯಾಪ್‌ಟಾಪಿನ ಮೈಕಿಗೆ ಬಿದ್ದು ಮತ್ತೆ ನಿಮ್ಮ ಹತ್ತಿರವೇ ಬರುತ್ತದೆ.